ಗುಂಡು ಮ್ಯಾಗ್ನೆಟ್ಟಿನ ಮೈಮೇಲೆ ಹತ್ತು ಸಾವಿರ ಆಂಪಿಯರ್

ನಿಯೋಡಿಮಿಯಂ ಗುಂಡುಗಳು ಈಗ ಆಟಿಕೆಯಾಗಿಯೂ ಸಿಗುತ್ತವೆ. (ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ತರಬೇಡಿ. ಎರಡು ಗುಂಡು ನುಂಗಿದರೆ ಅವು ಕರುಳಿನ ಗೋಡೆಯನ್ನು ನಡುವೆ ಹಿಡಿದು ಒಂದನ್ನೊಂದು ಕಚ್ಚಿಕೊಳ್ಳುತ್ತವೆ.) ಅಂಥದ್ದೊಂದು, 10 ಮಿಲಿಮೀಟರ್ ವ್ಯಾಸದ ಗುಂಡನ್ನು ತೆಗೆದುಕೊಳ್ಳೋಣ. ಅದರ ಒಳಗಿನ ಕಾಂತಕ್ಷೇತ್ರ ಎಷ್ಟು? ಒಳಗೆ ಅಳತೆಯ ಕಡ್ಡಿ ತೂರಿಸಲು ದಾರಿಯಿಲ್ಲ. ಆದರೂ ಉತ್ತರವನ್ನು ಕಾಗದದ ಮೇಲೆ ನಾಲ್ಕು ಸಾಲಿನಲ್ಲಿ ಪಡೆಯಬಹುದು.

1600ರಲ್ಲಿ ಇಂಗ್ಲೆಂಡಿನ ವಿಲಿಯಂ ಗಿಲ್ಬರ್ಟ್ ಸೂಜಿಗಲ್ಲನ್ನು ಗುಂಡಗೆ ಕಡೆದು, ಅದರ ಮೇಲೆ ಪುಟ್ಟ ಸೂಜಿಯನ್ನು ಓಡಾಡಿಸಿ ಭೂಮಿಯೂ ಹೀಗೆಯೇ ಎಂದು ವಾದಿಸಿದ್ದ. ಅವನು ನೋಡಿದ್ದು ಹೊರಗಿನ ಕ್ಷೇತ್ರವನ್ನು. ಒಳಗಿನದನ್ನು ಲೆಕ್ಕ ಹಾಕುವ ದಾರಿ ತೆರೆದದ್ದು 1820ರ ದಶಕದಲ್ಲಿ, ಫ್ರಾನ್ಸಿನ ಆಂಪಿಯರ್‌ನಿಂದ. ಕಾಂತವಸ್ತುವಿನ ಕಣಕಣದಲ್ಲೂ ಒಂದು ಚಿಕ್ಕ ವಿದ್ಯುತ್ ಸುಳಿ ಇದೆ ಎಂದು ಅವನು ಊಹಿಸಿದ. ಈ ಕಾಂತೀಯತೆ ಹೆಚ್ಚಾಗಿ ಎಲೆಕ್ಟ್ರಾನಿನ ಸ್ಪಿನ್‌ನಿಂದ ಬರುತ್ತದೆ, ನಿಜವಾಗಿ ಸುತ್ತುವ ಕರೆಂಟಿನಿಂದಲ್ಲ ಎಂದು ಇಂದು ಗೊತ್ತಿದೆ. ಆದರೂ ಕ್ಷೇತ್ರದ ಲೆಕ್ಕಕ್ಕೆ ಆಂಪಿಯರ್‌ನ ಸುಳಿಗಳು ಸಾಕು. ಉತ್ತರ ಒಂದು ಎಳೆಯೂ ತಪ್ಪುವುದಿಲ್ಲ.

ಗುಂಡಿನೊಳಗೆ ಈ ಸುಳಿಗಳೆಲ್ಲ ಒಂದೇ ದಿಕ್ಕಿಗೆ, ಒಂದೇ ಬಲದಲ್ಲಿ ನಿಂತಿವೆ ಎಂದುಕೊಳ್ಳಿ. ಪಕ್ಕಪಕ್ಕದ ಎರಡು ಸುಳಿಗಳು ತಾಗುವಲ್ಲಿ ಒಂದರ ಕರೆಂಟು ಒಂದು ಕಡೆಗೆ ಹೋದರೆ ಇನ್ನೊಂದರದು ಎದುರು ಕಡೆಗೆ. ಎರಡೂ ಸಮವಾದ್ದರಿಂದ ಒಳಗೆಲ್ಲ ಲೆಕ್ಕ ಚುಕ್ತಾ. ಅಂಚಿನಲ್ಲಿರುವ ಸುಳಿಗಳಿಗೆ ಮಾತ್ರ ಹೊರಮಗ್ಗುಲಲ್ಲಿ ಜೋಡಿಯಿಲ್ಲ. ಹಾಗಾಗಿ ಕೊನೆಗೆ ಉಳಿಯುವುದು ಗುಂಡಿನ ಮೈಮೇಲೆ, ಧ್ರುವದಿಂದ ಧ್ರುವಕ್ಕೆ ಹೋಗುವ ಅಕ್ಷವನ್ನು ಬಳಸಿ ಸುತ್ತುವ ಕರೆಂಟು. ಇದನ್ನು ಬದ್ಧ ಮೇಲ್ಮೈ ಪ್ರವಾಹ ಎನ್ನುತ್ತಾರೆ. ಸಮಭಾಜಕದಲ್ಲಿ ಇದು ಅತಿ ದಟ್ಟ, ಧ್ರುವಗಳ ಕಡೆಗೆ ಹೋದಂತೆ ತೆಳುವಾಗಿ ಅಲ್ಲಿ ಸೊನ್ನೆ.

ಗುಂಡನ್ನು ನಿಂಬೆಹಣ್ಣಿನಂತೆ ಸಮ ದಪ್ಪದ ಬಿಲ್ಲೆಗಳಾಗಿ ಅಡ್ಡ ಕೊಯ್ದರೆ, ಪ್ರತಿ ಬಿಲ್ಲೆಯ ಅಂಚಿನಲ್ಲೂ ಹರಿಯುವ ಒಟ್ಟು ಕರೆಂಟು ಒಂದೇ. ಧ್ರುವದ ಬಳಿ ಪ್ರವಾಹ ತೆಳು, ನಿಜ; ಆದರೆ ಅಲ್ಲಿ ಬಿಲ್ಲೆಯ ಸಿಪ್ಪೆ ಓರೆಯಾಗಿ ಅಗಲವಾಗಿರುತ್ತದೆ. ಎರಡೂ ಸರಿಹೋಗುತ್ತವೆ. ನಮ್ಮ ಗುಂಡು ಎನ್42 ಎಂಬ ದರ್ಜೆಯದಾದರೆ ಅದರ ಕಾಂತೀಯತೆ ಸುಮಾರು 1.3 ಟೆಸ್ಲಾಕ್ಕೆ ಸಮ. ಅಂದರೆ ಒಂದು ಮಿಲಿಮೀಟರ್ ದಪ್ಪದ ಬಿಲ್ಲೆಗೆ ಸುಮಾರು 1,030 ಆಂಪಿಯರ್. ಹತ್ತು ಬಿಲ್ಲೆಗೆ, ಅಂದರೆ ಇಡೀ ಗುಂಡಿಗೆ, 10,300 ಆಂಪಿಯರ್! ಅಷ್ಟು ಕರೆಂಟನ್ನು ಇದೇ ಗಾತ್ರದ ತಾಮ್ರದ ಸುರುಳಿಗೆ ಹರಿಸಿದರೆ ಕ್ಷಣದಲ್ಲಿ ಕರಗಿಹೋಗುತ್ತದೆ. ಗುಂಡು ಮಾತ್ರ ಅಂಗೈಯಲ್ಲಿ ತಣ್ಣಗಿರುತ್ತದೆ. ಇಲ್ಲಿ ಯಾವ ಎಲೆಕ್ಟ್ರಾನೂ ಜಾಗ ಬಿಟ್ಟು ಪಯಣಿಸುತ್ತಿಲ್ಲ, ಹಾಗಾಗಿ ತಡೆಯೂ ಇಲ್ಲ, ಶಾಖವೂ ಇಲ್ಲ.

ಇನ್ನು ಕೇಂದ್ರದ ಕ್ಷೇತ್ರ. ಎಲ್ಲ ಕರೆಂಟೂ ಸಮಭಾಜಕದ ಒಂದೇ ಉಂಗುರದಲ್ಲಿ ಹರಿದಿದ್ದರೆ ಕೇಂದ್ರದಲ್ಲಿ ಪೂರ್ತಿ 1.3 ಟೆಸ್ಲಾ ಬರುತ್ತಿತ್ತು. ಆದರೆ ಕರೆಂಟು ಬಿಲ್ಲೆಗಳಲ್ಲಿ ಹಂಚಿದೆ. ಎಲ್ಲ ಉಂಗುರಗಳೂ ಗೋಳದ ಮೈಮೇಲೇ ಇರುವುದರಿಂದ ಕೇಂದ್ರಕ್ಕೆ ಅವುಗಳ ದೂರ ಒಂದೇ. ವ್ಯತ್ಯಾಸ ಉಂಗುರದ ಅಗಲದ್ದು ಮಾತ್ರ. ಪ್ರತಿ ಉಂಗುರದ ಕೊಡುಗೆ ಅದರ ತ್ರಿಜ್ಯದ ವರ್ಗಕ್ಕೆ ತಕ್ಕಂತೆ. ಅಕ್ಷದ ಮೇಲೆ ಕೇಂದ್ರದಿಂದ z ಎತ್ತರದಲ್ಲಿರುವ ಉಂಗುರದ ಪಾಲು, ಸಮಭಾಜಕದ ಉಂಗುರಕ್ಕೆ ಹೋಲಿಸಿದರೆ, 1 − z²/R². ಸಮಭಾಜಕದಲ್ಲಿ ಇದು 1, ಧ್ರುವದಲ್ಲಿ 0. ಧ್ರುವದಿಂದ ಧ್ರುವದವರೆಗೆ ಇದರ ಸರಾಸರಿ ತೆಗೆದರೆ z²/R² ಭಾಗ ಮೂರನೇ ಒಂದು ಕಳೆಯುತ್ತದೆ, ಉಳಿಯುವುದು ಮೂರನೇ ಎರಡು:

B = (2/3) μ₀M

1.3ರಲ್ಲಿ ಮೂರನೇ ಎರಡು, ಅಂದರೆ 0.87 ಟೆಸ್ಲಾ. ಗುಂಡು ಚಿಕ್ಕದಿರಲಿ ದೊಡ್ಡದಿರಲಿ, ಉತ್ತರ ಇದೇ. ಸೂತ್ರದಲ್ಲಿ ತ್ರಿಜ್ಯದ ಹೆಸರೇ ಇಲ್ಲ. ಕೇಂದ್ರ ಬಿಟ್ಟು ಮೇಲಕ್ಕೆ ಸರಿದರೆ ಸಮಭಾಜಕದ ದೊಡ್ಡ ಉಂಗುರ ದೂರವಾಗುತ್ತದೆ, ಮೇಲಿನ ಚಿಕ್ಕ ಉಂಗುರಗಳು ಹತ್ತಿರವಾಗುತ್ತವೆ. ಈ ಕೊಡುಕೊಳ್ಳುವಿಕೆ ಗೋಳದಲ್ಲಿ ಕರಾರುವಾಕ್ಕಾಗಿ ತಾಳೆಯಾಗಿ, ಒಳಗೆಲ್ಲ ಕ್ಷೇತ್ರ ಒಂದೇ ಬಲ, ಒಂದೇ ದಿಕ್ಕು. ಸಾಮಾನ್ಯ ಪಟ್ಟಿ ಮ್ಯಾಗ್ನೆಟ್ಟಿಗೆ ಈ ಭಾಗ್ಯವಿಲ್ಲ.

ಹೊರಗೆ ನಿಂತು ಇದನ್ನು ಪರೀಕ್ಷಿಸಬಹುದು. ಮೇಲ್ಮೈಗೆ ನೇರವಾಗಿ ನಿಂತ ಕ್ಷೇತ್ರ ಒಳಗೂ ಹೊರಗೂ ಸಮವಾಗಿರಲೇಬೇಕಾದ್ದರಿಂದ ಧ್ರುವದ ಮೈಮೇಲೆ ಸಿಗಬೇಕಾದ್ದೂ 0.87. ಅಳೆಯಲು ಹೋದರೆ ಸಿಗುವುದು ಕಡಿಮೆ. ಮೀಟರಿನ ಸಂವೇದಕ ಕಡ್ಡಿಯ ತುದಿಯಲ್ಲೇ ಇರದೆ ಪ್ಲಾಸ್ಟಿಕ್ಕಿನ ಹಿಂದೆ ಕೂತಿರುತ್ತದೆ. ಹೊರಗಿನ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಇಳಿಯುವುದರಿಂದ ಬರೀ ಅರ್ಧ ಮಿಲಿಮೀಟರ್ ಹಿಂದಿದ್ದರೂ ಮೀಟರು 0.65 ತೋರಿಸುತ್ತದೆ. ಮ್ಯಾಗ್ನೆಟ್ಟು ಕಳಪೆ ಎಂದು ಅಂಗಡಿಯವನ ಜತೆ ಜಗಳಕ್ಕಿಳಿಯುವ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಮಭಾಜಕದಲ್ಲಿ ಇನ್ನೊಂದು ತಾಳೆ ಇದೆ: ಒಳಗೆ 0.87 ಮೇಲ್ಮುಖ, ಹೊರಗೆ 0.43 ಕೆಳಮುಖ. ಮೈ ದಾಟುವಾಗಿನ ಜಿಗಿತ ಒಟ್ಟು 1.3. ಅಲ್ಲಿ ಹರಿಯುವ ಕರೆಂಟಿಗೆ ಬೇಕಾದ್ದು ಅಷ್ಟೇ.

ಹಾಗಿದ್ದರೆ ಧ್ರುವದಿಂದ ಧ್ರುವಕ್ಕೆ ಕೂದಲೆಳೆಯ ತೂತು ಕೊರೆದು ಒಳಗಿನ 0.87 ಅನ್ನು ನೇರವಾಗಿ ಅಳೆಯಬಾರದೇಕೆ? ಅಳೆದರೆ ಕೇಂದ್ರದಲ್ಲಿ ಸಿಗುವುದು 0.43, ಅದೂ ತಲೆಕೆಳಗಾದ ದಿಕ್ಕಿನಲ್ಲಿ! ತೂತಿನ ಗೋಡೆಯೂ ಒಂದು ಮೇಲ್ಮೈ. ಅಲ್ಲಿ ಹೊರಮೈಗೆ ವಿರುದ್ಧವಾಗಿ ಸುತ್ತುವ ಬದ್ಧ ಪ್ರವಾಹ ಹುಟ್ಟುತ್ತದೆ. ಉದ್ದನೆಯ ಸಣ್ಣ ಸುರುಳಿಯಂತೆ ಅದು 1.3 ಟೆಸ್ಲಾ ಕಳೆಯುತ್ತದೆ: 0.87ರಿಂದ 1.3 ಕಳೆದರೆ ಮೈನಸ್ 0.43. ತೂತಿನಲ್ಲಿ ಸಿಕ್ಕ ಈ ಎದುರು ಕ್ಷೇತ್ರವನ್ನು μ₀ಯಿಂದ ಭಾಗಿಸಿದರೆ ಬರುವುದೇ ಪಠ್ಯಪುಸ್ತಕಗಳ H. ಗೋಳದಲ್ಲಿ ಅದು ಕಾಂತೀಯತೆಯ ಮೂರನೇ ಒಂದರಷ್ಟು, ಅದಕ್ಕೆ ವಿರುದ್ಧ ದಿಕ್ಕಿನಲ್ಲಿ. ಮ್ಯಾಗ್ನೆಟ್ಟು ತನ್ನನ್ನು ತಾನೇ ಅಳಿಸಲು ನೋಡುವ ಬಲದ ಅಳತೆ ಇದು.

ಎನ್42 ನಿಯೋಡಿಮಿಯಂ ಕೋಣೆಯ ಉಷ್ಣತೆಯಲ್ಲಿ ಸುಮಾರು 1.2 ಟೆಸ್ಲಾದ ಎದುರೇಟು ತಡೆಯಬಲ್ಲದು, 0.43 ಅದಕ್ಕೆ ಲೆಕ್ಕಕ್ಕಿಲ್ಲ. ಹಳೆಯ ಆಲ್ನಿಕೊ ಮಿಶ್ರಲೋಹದ ಕಥೆ ಬೇರೆ. ಅದರ ಸಾಮಾನ್ಯ ದರ್ಜೆಯೊಂದರ ಕಾಂತೀಯತೆ ಹೆಚ್ಚುಕಡಿಮೆ ಇಷ್ಟೇ, 1.25 ಟೆಸ್ಲಾ, ಆದರೆ ತಡೆಯುವ ಶಕ್ತಿ ಬರೀ 0.06. ಅದನ್ನು ಗುಂಡಗೆ ಮಾಡಿದರೆ ಎದುರು ಕ್ಷೇತ್ರ 0.06ಕ್ಕೆ ಇಳಿಯುವವರೆಗೆ ಅದು ತನ್ನ ಕಾಂತೀಯತೆಯನ್ನು ಕಳೆದುಕೊಳ್ಳುತ್ತ ಹೋಗುತ್ತದೆ. ಒಳಗೆ ಉಳಿಯುವುದು ಸುಮಾರು 0.12 ಟೆಸ್ಲಾ. ಆಲ್ನಿಕೊವನ್ನು ಉದ್ದ ಕೋಲಾಗಿಯೋ ಕುದುರೆ ಲಾಳದಂತೆಯೋ ಮಾಡಿ, ಎತ್ತಿಡುವಾಗ ತುದಿಗಳಿಗೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದದ್ದು ಇದಕ್ಕೇ. ಉದ್ದ ಕೋಲಿನಲ್ಲಿ ಈ ಎದುರು ಕ್ಷೇತ್ರ ಬಹುಪಾಲು ಇಲ್ಲವೇ ಇಲ್ಲ. ತೆಳು ಬಿಲ್ಲೆಯಲ್ಲಿ ಮಾತ್ರ ಅದು ಮೂರನೇ ಒಂದನ್ನು ದಾಟಿ ಪೂರ್ತಿ ಕಾಂತೀಯತೆಯ ಹತ್ತಿರಕ್ಕೆ ಹೋಗುತ್ತದೆ. ಬಿಸಿಯಾದಾಗ ನಿಯೋಡಿಮಿಯಂನ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಹಾಗಾಗಿ 80 ಡಿಗ್ರಿಯವರೆಗೆ ಸರಿ ಎಂದು ಬರೆದಿರುವ ಸಾದಾ ದರ್ಜೆಯಲ್ಲೂ ಗುಂಡು ತಾಳಿಕೊಂಡ ಬಿಸಿಗೆ ಅದೇ ಲೋಹದ ತೆಳು ಬಿಲ್ಲೆ ಸೋತು, ತಣಿದ ಮೇಲೂ ಮೊದಲಿನ ಬಲಕ್ಕೆ ಮರಳದೆ ಹೋಗಬಹುದು.