‘ಏನಂದ್ಲೋ ಅವ್ಳು?’

ಮೈಸೂರಿನ ನಮ್ಮ ಮನೆಯಲ್ಲಿ ಸಂಜೆ ಏಳು ದಾಟಿದರೆ ಅಮ್ಮ ಪದೇ ಪದೇ ಕೇಳುವುದು ಇದೊಂದನ್ನೇ: ‘ಏನಂದ್ಲೋ ಅವ್ಳು?’ ಅಮ್ಮನಿಗೆ ಈಗ 78. ನಾನು ಧ್ವನಿ ಏರಿಸುತ್ತೇನೆ. ಹಿನ್ನೆಲೆ ಸಂಗೀತವೂ ಅಷ್ಟೇ ಏರುತ್ತದೆ, ಮಾತು ಮಾತ್ರ ಇದ್ದಲ್ಲೇ ಇರುತ್ತದೆ. ವಯಸ್ಸಾದಾಗ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸದ್ದುಗಳನ್ನು. ಸ, ಶ, ತ ಮುಂತಾದ ವ್ಯಂಜನಗಳ ಗುರುತು ಇರುವುದೇ ಅಲ್ಲಿ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ, ಏನೆಂದರು ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಮದ್ದು ಅಕ್ಷರ, ಅಂದರೆ ಸಬ್‌ಟೈಟಲ್.

ನಮ್ಮದು ಗೂಗಲ್ ಟಿವಿ. Settings ಒಳಗೆ System, ಅದರೊಳಗೆ Accessibility, ಅಲ್ಲಿ Captions ಎಂದಿದೆ. (ಕೆಲವು ಹಳೆಯ ಟಿವಿಗಳಲ್ಲಿ ದಾರಿ ಕೊಂಚ ಬೇರೆ, ಹುಡುಕಬೇಕಾದ ಹೆಸರು Accessibility.) ಚಾಲೂ ಮಾಡಿ, ಗೆದ್ದೆನೆಂಬ ಹುಮ್ಮಸ್ಸಿನಲ್ಲಿ ಅಮ್ಮನ ಧಾರಾವಾಹಿ ಹಾಕಿದೆ. ಒಂದಕ್ಷರವೂ ಬರಲಿಲ್ಲ.

ತಪ್ಪು ಟಿವಿಯದಲ್ಲ. ಧಾರಾವಾಹಿ ಬರುತ್ತಿದ್ದದ್ದು ಸೆಟ್‌ಟಾಪ್ ಬಾಕ್ಸಿನಿಂದ. ಎಚ್‌ಡಿಎಂಐ ವೈರಿನಲ್ಲಿ ಟಿವಿಗೆ ತಲುಪುವುದು ಪೂರ್ತಿ ಸಿದ್ಧವಾದ ಚಿತ್ರ. ಅದಕ್ಕೆ ಅಕ್ಷರ ಸೇರಿಸುವ ಕೆಲಸ ಟಿವಿಯ ಕೈಯಲ್ಲಿಲ್ಲ. ಬಾಕ್ಸಿನ ಮೆನುವಿನಲ್ಲಿ Subtitle ಇದ್ದರೂ ವಾಹಿನಿ ಅಕ್ಷರ ಕಳಿಸಿದರೆ ಮಾತ್ರ ಕಾಣುತ್ತದೆ, ನಮ್ಮ ಧಾರಾವಾಹಿಗಳು ಸಾಮಾನ್ಯವಾಗಿ ಕಳಿಸುವುದಿಲ್ಲ. ಆದ್ದರಿಂದ ಸೆಟ್ಟಿಂಗ್ ಹುಡುಕುವ ಮೊದಲು ಚಿತ್ರ ಎಲ್ಲಿಂದ ಬರುತ್ತಿದೆ ಎಂದು ನೋಡಿಕೊಳ್ಳಬೇಕು: ಬಾಕ್ಸೋ, ಟಿವಿಯೋ, ಟಿವಿಯೊಳಗಿನ ಆ್ಯಪೋ.

ಆ್ಯಪ್‌ಗಳಲ್ಲಿ ಕೆಲಸ ಸಲೀಸು. ಯೂಟ್ಯೂಬಿನಲ್ಲಿ ವಿಡಿಯೊ ಓಡುವಾಗ CC ಗುಂಡಿ ಒತ್ತಬೇಕು. ನೆಟ್‌ಫ್ಲಿಕ್ಸಿನಲ್ಲಿ Audio & Subtitles ತೆರೆದು ಭಾಷೆ ಆರಿಸಬೇಕು. ಆದರೆ ಅಕ್ಷರ ಬಂದ ಮೇಲೆ ಅಮ್ಮನ ಮುಂದಿನ ತಕರಾರು ಬಂತು: ‘ಇರುವೆ ಸಾಲು ಹೋದ ಹಾಗಿದೆ ಕಣೋ.’

ಮತ್ತೆ ಟಿವಿಯ ಸೆಟ್ಟಿಂಗಿಗೇ ಓಡಿದೆ. ಅಲ್ಲಿ ಇಡೀ ಟಿವಿಯ ಅಕ್ಷರ ದೊಡ್ಡದು ಮಾಡುವ ಆಯ್ಕೆಯಿದ್ದರೆ ಅದು ಟಿವಿಯ ಮೆನುವನ್ನು ಹಿಗ್ಗಿಸುತ್ತದೆ. ನೆಟ್‌ಫ್ಲಿಕ್ಸ್ ಸಿನಿಮಾದ ಕೆಳಗಿನ ಸಾಲಿಗೂ ಅದಕ್ಕೂ ಸಂಬಂಧವಿಲ್ಲ. ನೆಟ್‌ಫ್ಲಿಕ್ಸಿನ ಸಾಲಿಗೆ ಮೊಬೈಲ್ ಅಥವಾ ಕಂಪ್ಯೂಟರಿನ ಬ್ರೌಸರಿನಲ್ಲಿ ಖಾತೆ ತೆರೆದು, ಅಮ್ಮನ ಪ್ರೊಫೈಲಿನಲ್ಲಿ Subtitle appearance ಹುಡುಕಿ, ಗಾತ್ರವನ್ನು Large ಮಾಡಿದೆ. ಕಪ್ಪು ಪಟ್ಟಿಯ ಮೇಲೆ ಹಳದಿ ಅಕ್ಷರ ಆರಿಸಿದೆ. ಬಿಳಿ ಸೀರೆ, ಬಿಳಿ ಗೋಡೆಯ ದೃಶ್ಯದಲ್ಲೂ ಅದು ಕರಗಿಹೋಗುವುದಿಲ್ಲ. ಟಿವಿಯಲ್ಲಿ ಆ್ಯಪ್ ಮುಚ್ಚಿ ತೆರೆದಾಗ ಬದಲಾವಣೆ ಕಂಡಿತು. ಇದು ಆ ಪ್ರೊಫೈಲಿಗೆ ಮಾತ್ರ ಅನ್ವಯ. ಮೊಮ್ಮಗನ ಹೆಸರಿನಲ್ಲಿ ಸಿನಿಮಾ ತೆರೆದರೆ ಮತ್ತೆ ಇರುವೆ ಸಾಲೇ.

ಕನ್ನಡದಲ್ಲಿ ಸಬ್‌ಟೈಟಲ್ ಇರುವ ಚಿತ್ರ ಸಿಕ್ಕರೆ ಗಾತ್ರ ಇನ್ನೂ ಮುಖ್ಯ. ಒತ್ತಕ್ಷರ ಅಕ್ಷರದ ಅಡಿಯಲ್ಲಿ ಕೂರುವುದರಿಂದ ಮೊದಲು ಮಸುಕಾಗುವುದು ಅದೇ. ಕೆಳಗಿನ ಸಾಲು ಅರ್ಧ ಕತ್ತರಿಸಿದಂತೆ ಕಂಡರೆ ಚಿತ್ರದ ಅಳತೆ Zoom ಆಗಿದೆಯೇ ನೋಡಿ, 16:9ಕ್ಕೆ ತಂದರೆ ಸಾಲು ಮರಳುತ್ತದೆ.

ಪುಣೆಯಲ್ಲಿ ಬದುಕಿ ಬಂದ ದೊಡ್ಡಮ್ಮನ ಕಷ್ಟ ಬೇರೆ. ಕಿವಿ ಚುರುಕು, ಕಣ್ಣು ಮಂಜು. ಅವರಿಗೆ ಬೇಕಾದದ್ದು ಆಡಿಯೊ ಡಿಸ್ಕ್ರಿಪ್ಷನ್, ಅಂದರೆ ಸಂಭಾಷಣೆಯ ನಡುವಿನ ಮೌನದಲ್ಲಿ ‘ಅವಳು ಪತ್ರವನ್ನು ಒಲೆಗೆ ಹಾಕುತ್ತಾಳೆ’ ಎಂದು ತೆರೆಯ ಮೇಲಿನದನ್ನು ಹೇಳುವ ದನಿ. ಇದನ್ನು ಟಿವಿ ತಾನೇ ಹುಟ್ಟಿಸುವುದಿಲ್ಲ; ಚಿತ್ರ ಮಾಡಿದವರು ಬರೆಸಿ, ಓದಿಸಿ, ಬೇರೆಯೇ ಧ್ವನಿಪಥವಾಗಿ ಕೊಟ್ಟಿರಬೇಕು. ಇದ್ದರೆ ಆಡಿಯೊ ಭಾಷೆಗಳ ಪಟ್ಟಿಯಲ್ಲಿ ಭಾಷೆಯ ಪಕ್ಕದಲ್ಲೇ Audio Description ಎಂದು ಕಾಣುತ್ತದೆ. ದೊಡ್ಡಮ್ಮನಿಗೆ ಹಿಂದಿ ಬರುವುದರಿಂದ ಕೆಲವು ಚಿತ್ರಗಳು ಒದಗಿದವು. ‘ರೇಡಿಯೊ ನಾಟಕ ಕೇಳಿದ ಹಾಗಾಯ್ತು’ ಎಂದರು. ಕನ್ನಡದಲ್ಲಿ ಇದು ತೀರಾ ಅಪರೂಪ.

ಇದರ ಜೊತೆ ಗೊಂದಲವಾಗುವುದು TalkBack. ಅದು ಸಿನಿಮಾದ ಕಥೆ ಹೇಳುವುದಿಲ್ಲ, ನೀವು ಮುಟ್ಟಿದ ಮೆನುವಿನ ಹೆಸರನ್ನು ಓದುತ್ತದೆ. ರಿಮೋಟ್ ತಪ್ಪಾಗಿ ಒತ್ತಿ ಅದು ಚಾಲೂ ಆದರೆ, ಟಿವಿಗೆ ದೆವ್ವ ಹಿಡಿಯಿತೇನೋ ಎಂದು ಮನೆಯವರು ಹೆದರುವುದುಂಟು. ಅದೇ Accessibility ಒಳಗೆ ಹೋಗಿ ನಿಲ್ಲಿಸಿದರಾಯಿತು.

2023ರ ಜನವರಿಯಲ್ಲಿ ದೆಹಲಿ ಹೈಕೋರ್ಟ್, ‘ಪಠಾಣ್’ ಚಿತ್ರ ಒಟಿಟಿಗೆ ಬರುವ ಮೊದಲು ಸಬ್‌ಟೈಟಲ್ ಮತ್ತು ಆಡಿಯೊ ಡಿಸ್ಕ್ರಿಪ್ಷನ್ ಸಿದ್ಧಪಡಿಸುವಂತೆ ನಿರ್ಮಾಪಕರಿಗೆ ಹೇಳಿತು. ಕನ್ನಡದ ನಿರ್ಮಾಪಕರು ನ್ಯಾಯಾಲಯ ಹೇಳುವವರೆಗೆ ಕಾಯಬೇಕಿಲ್ಲ. ಅಮ್ಮನ ಧಾರಾವಾಹಿಗೆ ಇನ್ನೂ ಅಕ್ಷರ ಬಂದಿಲ್ಲ. ‘ಏನಂದ್ಲೋ’ ಎಂದಾಗ ಈಗಲೂ ನಾನೇ ಹೇಳುತ್ತೇನೆ.