ಹಿರಿಯರ ಮಾತನ್ನು ಅಲ್ಲಗಳೆಯುವ ಬಗೆ

ವಿದ್ವದ್ಗೋಷ್ಠಿಯೊಂದರಲ್ಲಿ ಹಿರಿಯರೊಬ್ಬರು ಪ್ರಬಂಧವನ್ನೋದಿ ಕುಳಿತಿದ್ದಾರೆ. ಅವರಷ್ಟೇ ವಯಸ್ಸಾದ, ಅವರಲ್ಲಿ ಆದರವುಳ್ಳ ಮತ್ತೊಬ್ಬ ವಿದ್ವಾಂಸರು ಈಗ ಮಾತನಾಡಬೇಕು; ಓದಿದ ಪ್ರಬಂಧದ ನಿರ್ಣಯ ಅವರಿಗೆ ಒಪ್ಪಿಗೆಯಿಲ್ಲ. ಇಂಥ ಸಂದರ್ಭದ ಭಾಷಣಗಳನ್ನು ನೀವು ಸಭೆಯಲ್ಲಿಯೋ ರೇಡಿಯೋದಲ್ಲಿಯೋ ಕೇಳಿರಬಹುದು. ಹೆಚ್ಚಿನವರು ಹೊಗಳಿಕೆಯಲ್ಲಿಯೇ ಹೊತ್ತು ಕಳೆದು, ಕೊನೆಗೊಂದು "ಆದರೆ" ಸೇರಿಸಿ ಕುಳಿತುಬಿಡುತ್ತಾರೆ. ಭಿನ್ನಮತವೇನೆಂಬುದು ಕಾಫಿಯ ಹೊತ್ತಿನಲ್ಲಿ, ಆ ಹಿರಿಯರು ಇಲ್ಲದ ಕಡೆ ಹೊರಬೀಳುತ್ತದೆ. ಇದನ್ನು ಮರ್ಯಾದೆಯೆಂದು ಕರೆಯಬಹುದೇ?

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಟಿಬೆಟ್ಟಿನ ನಿರಾಶ್ರಿತರ ವಸತಿಯೊಂದಿದೆ. ಗ್ಯೂಮೆ ಎಂಬ ತಂತ್ರವಿದ್ಯಾಪೀಠವೂ ಅಲ್ಲಿಯೇ ಇದೆ. ನೆರೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸೆರಾ ಮಹಾವಿಹಾರವಿದೆ. 1419ರಲ್ಲಿ ಲ್ಹಾಸಾದ ಬಳಿ ಸ್ಥಾಪಿತವಾದ ಈ ವಿಹಾರವನ್ನು ಭಿಕ್ಷುಗಳು ನಮ್ಮ ನಾಡಿಗೆ ಬಂದ ಮೇಲೆ ಇಲ್ಲಿ ಮತ್ತೆ ಕಟ್ಟಿದರು. ಸೆರಾದಂಥ ವಿಹಾರಗಳಲ್ಲಿ ಇಪ್ಪತ್ತು ವರ್ಷಗಳಷ್ಟು ಕಾಲ ಶಾಸ್ತ್ರವನ್ನೋದಿ ಗೆಶೆ ಪದವಿಯ ಮೇಲಿನ ದರ್ಜೆಯನ್ನು ಪಡೆದವರು ತಂತ್ರಾಭ್ಯಾಸಕ್ಕಾಗಿ ಗ್ಯೂಮೆಯಂಥ ಪೀಠಕ್ಕೆ ಬರುತ್ತಾರೆ. ಅಷ್ಟು ವರ್ಷಗಳ ಓದಿನಲ್ಲಿ ಅವರು ದಿನವೂ ಮಾಡಿರುವ ಕೆಲಸವೆಂದರೆ ವಾದ, ಎಂದರೆ ಸಹಪಾಠಿಗಳ ಮಾತನ್ನು ಅಲ್ಲಗಳೆಯುವುದು.

ವಾದದ ಅಂಗಳವನ್ನು ಮೊದಲ ಸಲ ನೋಡಿದವರು ಜಗಳವೆಂದೇ ತಿಳಿಯುತ್ತಾರೆ. ಉತ್ತರ ಹೇಳುವವನು ನೆಲದ ಮೇಲೆ ಕುಳಿತಿರುತ್ತಾನೆ. ಪ್ರಶ್ನಿಸುವವನು ನಿಂತು, ಪ್ರಶ್ನೆ ಮುಗಿದೊಡನೆ ಕಾಲನ್ನು ಅಪ್ಪಳಿಸಿ ಅಂಗೈಗಳನ್ನು ಜೋರಾಗಿ ತಟ್ಟುತ್ತಾನೆ. ಆದರೆ ಆರಂಭದಲ್ಲಿ ಅವನು ಉಚ್ಚರಿಸುವುದು ಪ್ರಜ್ಞೆಯ ಅಧಿದೇವತೆಯಾದ ಮಂಜುಶ್ರೀಯ ಬೀಜಾಕ್ಷರವನ್ನು. ಇಂದು ನಿಂತವನು ನಾಳೆ ಕುಳಿತು ಉತ್ತರ ಹೇಳಬೇಕು. ಗದ್ದಲವೆಷ್ಟೇ ಇದ್ದರೂ, ಕುಳಿತವನಿಗೆ ಬಾಯಿಗೆ ಬಂದಂತೆ ಮಾತನಾಡುವ ಸ್ವಾತಂತ್ರ್ಯವಿಲ್ಲ. ಅವನ ಪಾಲಿಗಿರುವುದು ಮುಖ್ಯವಾಗಿ ನಾಲ್ಕೇ ಉತ್ತರ: "ಒಪ್ಪಿದೆ", "ಏಕೆ?", "ಹೇತು ಸಿದ್ಧವಾಗಿಲ್ಲ", "ವ್ಯಾಪ್ತಿಯಿಲ್ಲ".

ಕೊನೆಯ ಎರಡು ಮಾತುಗಳು ನಮ್ಮ ಪಾಠಶಾಲೆಗಳ ತರ್ಕವನ್ನು ಬಲ್ಲವರಿಗೆ ಹೊಸವಲ್ಲ. ಟಿಬೆಟ್ಟಿನವರು ಈ ವಿದ್ಯೆಯನ್ನು ಕಲಿತದ್ದು ದಿಙ್ನಾಗ, ಧರ್ಮಕೀರ್ತಿಗಳ ಗ್ರಂಥಗಳಿಂದಲೇ. "ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಕಾಣುತ್ತಿರುವುದರಿಂದ" ಎಂದು ಒಬ್ಬರು ಹೇಳಿದರೆನ್ನಿ. "ಅದು ಹೊಗೆಯಲ್ಲ, ಮಂಜು" ಎಂದರೆ ಹೇತು ಸಿದ್ಧವಾಗಿಲ್ಲವೆಂದಾಯಿತು. ಮತ್ತೊಬ್ಬರು "ಅಲ್ಲಿ ಹೊಗೆಯಿರಲೇಬೇಕು, ಬೆಂಕಿಯಿರುವುದರಿಂದ" ಎಂದರೆ ಬೆಂಕಿಯಿರುವುದು ನಿಜವಿರಬಹುದು. ಆದರೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದೂ ಹೊಗೆಯಿಲ್ಲ. ಇದು ವ್ಯಾಪ್ತಿಯಿಲ್ಲದಿರುವಿಕೆ. ಮೊದಲನೆಯದರಲ್ಲಿ ಕಂಡದ್ದು ತಪ್ಪು. ಎರಡನೆಯದರಲ್ಲಿ ಕಂಡದ್ದು ಸರಿ, ಅದರಿಂದ ಹೊರಡಿಸಿದ ತೀರ್ಮಾನ ನಿಲ್ಲುವುದಿಲ್ಲ.

ಆದರಪೂರ್ವಕವಾದ ಭಿನ್ನಮತದ ಗುಟ್ಟೆಲ್ಲ ಈ ವಿಂಗಡಣೆಯಲ್ಲಿಯೇ ಇದೆ. "ನೀವು ಹೇಳಿದ್ದು ತಪ್ಪು" ಎಂಬ ಮಾತು ಒಟ್ಟು ಮನುಷ್ಯನನ್ನೇ ತಾಗುತ್ತದೆ. "ನಿಮ್ಮ ಆಧಾರ ಸರಿ, ಆದರೆ ತೀರ್ಮಾನ ಅದರಿಂದ ಹೊರಡುವುದಿಲ್ಲ" ಎಂಬುದು ಒಂದು ಗಂಟನ್ನು ಮಾತ್ರ ಬಿಚ್ಚುತ್ತದೆ. ಆ ಹಿರಿಯರ ಉಳಿದ ದುಡಿಮೆ ಮುಕ್ಕಾಗದೆ ಉಳಿಯುತ್ತದೆ.

ಈಗ ನಮ್ಮದೇ ಒಂದು ಪ್ರಸಂಗವನ್ನು ತೆಗೆದುಕೊಳ್ಳೋಣ. ಕವಿರಾಜಮಾರ್ಗವನ್ನು 1898ರಲ್ಲಿ ಕೆ. ಬಿ. ಪಾಠಕ್ ಅವರು ಸಂಪಾದಿಸಿ ಪ್ರಕಟಿಸಿದರು. ಅದು ರಾಷ್ಟ್ರಕೂಟ ದೊರೆ ನೃಪತುಂಗನ ಕೃತಿಯೆಂದು ಭಾವಿಸಿದರು. ಮುಂದೆ ಅನೇಕ ವಿದ್ವಾಂಸರು ಶ್ರೀವಿಜಯನೇ ಕರ್ತೃವೆಂಬ ನಿರ್ಣಯಕ್ಕೆ ಬಂದರು. ಗೋಷ್ಠಿಯಲ್ಲಿ ಪ್ರಬಂಧ ಓದಿದ ಹಿರಿಯರು ಹಳೆಯ ಪಕ್ಷದವರು, ಉತ್ತರ ಹೇಳಲು ಎದ್ದವರು ಹೊಸ ಪಕ್ಷದವರು ಎಂದಿಟ್ಟುಕೊಳ್ಳಿ. ಇವರ ಭಾಷಣ ಹೇಗಿರಬೇಕು?

ವಾದದಂಗಳದಲ್ಲಿ ನಿಂತವನು ಕುಳಿತವನ ಮಾತನ್ನು ಮೊದಲು ತನ್ನ ಬಾಯಲ್ಲಿ ಮತ್ತೆ ಹೇಳುತ್ತಾನೆ. ನಮ್ಮ ಭಾಷಣಕಾರರೂ ಹಾಗೆಯೇ ತೊಡಗಬೇಕು: "ಪ್ರಕರಣಗಳ ಕೊನೆಯಲ್ಲಿ ನೃಪತುಂಗದೇವನ ಹೆಸರು ಬರುತ್ತದೆ, ಆದ್ದರಿಂದ ಗ್ರಂಥ ಅವನದು, ತಮ್ಮ ಅಭಿಪ್ರಾಯ ಇದೇ ತಾನೆ?" ಹಿರಿಯರು ಹೌದೆಂದು ತಲೆದೂಗುವವರೆಗೆ ಮುಂದೆ ಹೋಗಬಾರದು. ಬೇರೆಯವರ ಮಾತನ್ನು ಸಡಿಲಗೊಳಿಸಿ ಹೇಳಿ, ಆ ಸಡಿಲಾದುದನ್ನು ಕೆಡವುವುದು ಗಟ್ಟಿಯಾಗಿ ಬೈಯುವುದಕ್ಕಿಂತ ದೊಡ್ಡ ಅವಮರ್ಯಾದೆ.

ಅನಂತರ ಎಲ್ಲಿ ಒಪ್ಪಿಗೆ, ಎಲ್ಲಿ ಇಲ್ಲ ಎಂಬುದನ್ನು ಬೇರೆಮಾಡಬೇಕು. ಹೆಸರು ಇರುವುದು ನಿಜ, ಹೇತು ಸಿದ್ಧ. ಆದರೆ ಅಲ್ಲಿರುವ ಪದ "ನೃಪತುಂಗದೇವಾನುಮತ" ಎಂದು. ಅನುಮತವೆಂದರೆ ಒಪ್ಪಿತವಾದದ್ದು. ಅರಸನು ಒಪ್ಪಿದ ಗ್ರಂಥವೆಲ್ಲ ಅರಸನೇ ಬರೆದುದಾಗಬೇಕಿಲ್ಲ, ವ್ಯಾಪ್ತಿಯಿಲ್ಲ. ಭಿನ್ನಮತ ಇಷ್ಟೇ. ಪಾಠಕರ ಸಂಪಾದನಕಾರ್ಯಕ್ಕಾಗಲಿ ಪ್ರಬಂಧಕಾರರ ಪಾಂಡಿತ್ಯಕ್ಕಾಗಲಿ ಇದರಿಂದ ಕುಂದಿಲ್ಲ.

ಸೆರಾದ ಪಠ್ಯಗ್ರಂಥಗಳಲ್ಲಿ ಪ್ರತಿಯೊಂದು ವಿಷಯವೂ ಮೂರು ಭಾಗವಾಗಿರುತ್ತದೆ: ಪರಪಕ್ಷದ ನಿರಾಕರಣ, ಸ್ವಪಕ್ಷದ ಸ್ಥಾಪನೆ, ಸ್ವಪಕ್ಷಕ್ಕೆ ಬರುವ ಆಕ್ಷೇಪಗಳ ಪರಿಹಾರ. ನಮ್ಮ ಗೋಷ್ಠಿಗಳಲ್ಲಿ ಮೂರನೆಯದು ಬಹುತೇಕ ತಪ್ಪಿಹೋಗುತ್ತದೆ. ಇಲ್ಲಿ ಭಾಷಣಕಾರರು, ಗ್ರಂಥದೊಳಗೆ ಶ್ರೀವಿಜಯನ ಹೆಸರಿರುವುದನ್ನು ತೋರಿಸಿ ತಮ್ಮ ಪಕ್ಷವನ್ನು ಹೇಳಿದ ಮೇಲೆ, ಅದಕ್ಕಿರುವ ತೊಡಕನ್ನೂ ತಾವೇ ಮುಂದಿಡಬೇಕು. ಕವಿರಾಜಮಾರ್ಗವು ಕನ್ನಡದ ಪದ್ಯಕವಿಗಳನ್ನು ಹೆಸರಿಸುವಾಗ ಶ್ರೀವಿಜಯನನ್ನೂ ಹೇಳುತ್ತದೆ. ಗ್ರಂಥಕರ್ತನು ತನ್ನನ್ನೇ ಆ ಪಟ್ಟಿಯಲ್ಲಿ ಸೇರಿಸಿಕೊಂಡನೇ, ಅಥವಾ ಆ ಹೆಸರಿನ ಕವಿ ಮತ್ತೊಬ್ಬನಿದ್ದನೇ? ಇದನ್ನು ಎದುರಾಳಿ ಕೇಳುವ ಮೊದಲೇ ತಾವು ಕೇಳಿಕೊಂಡವರ ಮಾತಿಗೆ ತೂಕ ಬರುತ್ತದೆ. ಕೇಳಿದ ಹಿರಿಯರಿಗೂ ತಮ್ಮ ಪಕ್ಷಕ್ಕೆ ನ್ಯಾಯ ದೊರಕಿತೆನಿಸುತ್ತದೆ.

ಆ ಪಠ್ಯಗ್ರಂಥಗಳ ಮತ್ತೊಂದು ರೂಢಿ ನೋಡಿ. ಅಲ್ಲಗಳೆಯಬೇಕಾದ ಮತವನ್ನು ಹೇಳುವಾಗ ಅವು ಬಹಳಷ್ಟು ಕಡೆ "ಕೆಲವರು ಹೇಳುತ್ತಾರೆ" ಎಂದಷ್ಟೇ ಬರೆಯುತ್ತವೆ. ಯಾರೆಂಬುದು ಬಲ್ಲವರಿಗೆ ಗೊತ್ತು. ಅಚ್ಚಿನ ಪ್ರಬಂಧದಲ್ಲಿ ಇದನ್ನು ಹಾಗೆಯೇ ಅನುಸರಿಸಲಾಗದು, ಏಕೆಂದರೆ ಓದುಗರು ಮೂಲವನ್ನು ತೆಗೆದು ನೋಡಬೇಕು. ಸಭೆಯ ಮಾತಿನಲ್ಲಿ ಮಾತ್ರ ಒಳ್ಳೆಯ ನಿಯಮವೊಂದನ್ನು ಇದರಿಂದ ಪಡೆಯಬಹುದು: ಋಣವನ್ನು ಹೇಳುವಾಗ ಹೆಸರು ಹೇಳಿ, ದೋಷವನ್ನು ಹೇಳುವಾಗ ವಾಕ್ಯವನ್ನು ಹೇಳಿ.

ಅಂಗಳದ ರೀತಿಯನ್ನೆಲ್ಲ ಸಭೆಗೆ ತರಲಾಗದೆಂಬುದೂ ನಿಜ. ಅಲ್ಲಿ ಕುಳಿತವನು ತನ್ನ ಹಿಂದಿನ ಮಾತಿಗೇ ವಿರುದ್ಧವಾಗಿ ನುಡಿದರೆ, ನಿಂತವನು "ತ್ಸಾ" ಎಂದು ಕೂಗಿ ಸಂಭ್ರಮಿಸುತ್ತಾನೆ. ಪಾತ್ರ ಬದಲಾಗುವುದು ಎಲ್ಲರಿಗೂ ಗೊತ್ತಿರುವುದರಿಂದ ಅಲ್ಲಿ ಅದು ನಡೆಯುತ್ತದೆ. ನಮ್ಮ ಗೋಷ್ಠಿಯಲ್ಲಿ ಹಿರಿಯರಿಗೆ ಮರುದಿನ ನಿಂತು ಕೇಳುವ ಸರದಿ ಬರುವುದಿಲ್ಲ. ಆದ್ದರಿಂದ ಗೆದ್ದ ಕ್ಷಣದಲ್ಲಿ ದನಿ ತಗ್ಗಿಸುವುದು ಮಾತನಾಡುವವರ ಹೊಣೆ. ಉತ್ತರಕ್ಕೆ ಸಮಯ ಉಳಿಸಿ ಕುಳಿತುಕೊಳ್ಳುವುದೂ ಅವರ ಹೊಣೆಯೇ.

ಬೈಲುಕುಪ್ಪೆಯಲ್ಲಿ ಸೆರಾದ ಎರಡು ವಿದ್ಯಾಲಯಗಳಿವೆ: ಜೆ ಮತ್ತು ಮೆ. ಎರಡರ ಪಠ್ಯಗ್ರಂಥಗಳೂ ಬೇರೆ ಆಚಾರ್ಯರವು. ಅನೇಕ ಸೂಕ್ಷ್ಮಗಳಲ್ಲಿ ಒಂದರ ನಿರ್ಣಯವನ್ನು ಇನ್ನೊಂದು ಒಪ್ಪುವುದಿಲ್ಲ. ಆದರೂ ಎರಡೂ ಒಂದೇ ವಿಹಾರ. ಇನ್ನು ಮುಂದೆ ವಿದ್ವಾಂಸರಿಬ್ಬರು ವಾದಿಸುವುದನ್ನು ನೀವು ಕೇಳುವಾಗ ಒಂದನ್ನು ಗಮನಿಸಿ: ಅಲ್ಲಗಳೆಯುವವರು ಹೇತುವನ್ನು ಅಲ್ಲಗಳೆಯುತ್ತಿದ್ದಾರೆಯೇ, ವ್ಯಾಪ್ತಿಯನ್ನೇ? ಎರಡೂ ಅಲ್ಲವಾದರೆ, ಅವರು ಅಲ್ಲಗಳೆಯುತ್ತಿರುವುದು ಮನುಷ್ಯನನ್ನು.