ನೀರಿನ ಮೇಲೆ ಏಳುವ ಟೈರ್

1960ರ ದಶಕದ ಆರಂಭದಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ, ನಾಸಾದ ಲ್ಯಾಂಗ್ಲಿ ಕೇಂದ್ರದ ವಾಲ್ಟರ್ ಹಾರ್ನ್ ಮತ್ತು ಸಂಗಡಿಗರು ವಿಮಾನದ ಚಕ್ರಗಳನ್ನು ನೀರು ನಿಂತ ದಾರಿಯ ಮೇಲೆ ಓಡಿಸಿ ನೋಡುತ್ತಿದ್ದರು. ಹಳಿಗಳ ಮೇಲೆ ಸಾಗುವ ಭಾರಿ ಬಂಡಿಯೊಂದಕ್ಕೆ ಚಕ್ರವನ್ನು ಜೋಡಿಸುವುದು, ದಾರಿಯಲ್ಲಿ ಒಂದು ಕಡೆ ಗಾಜಿನ ಫಲಕ ಕೂರಿಸಿ, ಚಕ್ರ ಅದರ ಮೇಲೆ ಹಾಯುವಾಗ ಕೆಳಗಿನಿಂದ ಫೋಟೊ ತೆಗೆಯುವುದು, ಇದು ಅವರ ವಿಧಾನ. ನಿಧಾನಕ್ಕೆ ಓಡಿಸಿದಾಗ ಗಾಜಿನ ಮೇಲೆ ಟೈರಿನ ಅಚ್ಚು ಪೂರ್ತಿ ಮೂಡುತ್ತಿತ್ತು. ವೇಗ ಏರಿಸಿದಂತೆ ಮುಂಭಾಗದಿಂದ ನೀರಿನ ಬೆಣೆಯೊಂದು ಒಳನುಗ್ಗಿ ಅಚ್ಚನ್ನು ಹಿಂದಕ್ಕೆ ತಳ್ಳುತ್ತ ಹೋಯಿತು. ಇನ್ನೂ ವೇಗ ಏರಿದಾಗ ಅಚ್ಚೇ ಇಲ್ಲ. ಟೈರಿಗೂ ನೆಲಕ್ಕೂ ನಡುವೆ ಬರೀ ನೀರು.

ಅದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿತ್ತು. ಬ್ರೇಕ್ ಹಾಕದಿದ್ದರೂ ಓಡುತ್ತಿದ್ದ ಚಕ್ರ ತಿರುಗುವುದನ್ನೇ ನಿಲ್ಲಿಸಿಬಿಡುತ್ತಿತ್ತು. ಚಕ್ರವನ್ನು ತಿರುಗಿಸುವುದು ನೆಲದ ಘರ್ಷಣೆ. ಅದು ಇಲ್ಲವಾದ ಮೇಲೆ, ಟೈರಿನ ಮುಂಭಾಗವನ್ನು ಎತ್ತಿ ಹಿಡಿಯುವ ನೀರು ಆಕ್ಸಲ್‌ಗಿಂತ ಮುಂದೆ ನಿಂತು, ತಿರುಗುವ ದಿಕ್ಕಿಗೆ ಎದುರಾಗಿ ತಿರುಚುತ್ತದೆ. ಹೀಗೆ ಟೈರ್ ನೆಲ ಬಿಟ್ಟು ನೀರಿನ ಮೇಲೆ ತೇಲುವುದೇ ಅಕ್ವಾಪ್ಲೇನಿಂಗ್.

ನೀರು ಅಷ್ಟು ಭಾರ ಎತ್ತುವುದು ಹೇಗೆ? ನೀರಿಗೆ ಜಡತ್ವವಿದೆ, ನಿಂತ ನೀರು ತಟ್ಟನೆ ಸರಿದು ದಾರಿ ಬಿಡುವುದಿಲ್ಲ. ಟೈರ್ ಬಂದು ಬಡಿದಾಗ ಅದು ಎದುರೊತ್ತುತ್ತದೆ. ಈ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎನ್ನುವುದೇ ಇಲ್ಲಿಯ ಮುಖ್ಯ ಸಂಗತಿ. ವೇಗ 45 ಕಿ.ಮೀ.ಯಿಂದ 90ಕ್ಕೆ ಹೋದರೆ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟು. ಇನ್ನೊಂದು ಕಡೆ, ಟೈರ್ ನೆಲದ ಮೇಲೆ ಹಾಕುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ನೀರಿನ ಒತ್ತಡ ಏರುತ್ತ ಬಂದು ಗಾಳಿಯ ಒತ್ತಡಕ್ಕೆ ಸಮನಾದಾಗ ಟೈರ್ ಮೇಲೇಳುತ್ತದೆ.

ಹಾರ್ನ್ ಇದನ್ನು ಒಂದೇ ಸಾಲಿನ ಲೆಕ್ಕಕ್ಕೆ ಇಳಿಸಿದರು. 1963ರ ನಾಸಾ ವರದಿಯಲ್ಲಿ ಅದು ಪ್ರಕಟವಾಯಿತು. ನಮ್ಮ ಅಳತೆಗೆ ಹೊಂದಿಸಿದರೆ ಅದು ಹೀಗೆ: ಟೈರಿನ ಗಾಳಿಯನ್ನು ಪಿಎಸ್‌ಐ ಲೆಕ್ಕದಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು ಸುಮಾರು 16.6ರಿಂದ ಗುಣಿಸಿದರೆ ಟೈರ್ ಪೂರ್ತಿ ತೇಲುವ ವೇಗ ಗಂಟೆಗೆ ಕಿಲೋಮೀಟರಿನಲ್ಲಿ ಸಿಗುತ್ತದೆ. 36 ಪಿಎಸ್‌ಐ ಇದ್ದರೆ ಸುಮಾರು 100. ಗಾಳಿ ಇಳಿದು 25 ಆಗಿದ್ದರೆ 83. ಬೆಂಗಳೂರು–ಮೈಸೂರು ಹೆದ್ದಾರಿಯ ವೇಗಮಿತಿ 100 ಕಿ.ಮೀ. ಎಂದರೆ, ಜೋರು ಮಳೆಯಲ್ಲಿ ಮಿತಿಯೊಳಗೇ ಇರುವ ಕಾರು ಕೂಡ ಈ ಗಡಿಯ ಆಸುಪಾಸಿನಲ್ಲಿರುತ್ತದೆ. ತಿಂಗಳುಗಟ್ಟಲೆ ಗಾಳಿ ನೋಡದ ಕಾರಾದರೆ ಗಡಿ ದಾಟಿಯೇ ಇರುತ್ತದೆ.

ಆದರೆ ಈ ಲೆಕ್ಕಕ್ಕೊಂದು ಷರತ್ತಿದೆ. ಗ್ರೂವ್‌ಗಳು ನುಂಗಲಾರದಷ್ಟು ನೀರು ರಸ್ತೆಯಲ್ಲಿದ್ದಾಗ ಮಾತ್ರ ಅದು ನಿಜ. ಟೈರಿನ ಮೈಮೇಲೆ ಕೊರೆದ ಈ ಗ್ರೂವ್‌ಗಳ ಕೆಲಸವೆಂದರೆ ಆ ಷರತ್ತು ನಿಜವಾಗದಂತೆ ತಡೆಯುವುದು.

ಒಂದು ಸಾಮಾನ್ಯ ಕಾರನ್ನು ತೆಗೆದುಕೊಳ್ಳೋಣ. ಅದರ ಒಂದು ಟೈರ್ ನೆಲಕ್ಕೆ ತಾಗುವ ಜಾಗ ನಮ್ಮ ಅಂಗೈಯಷ್ಟು: 15 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದ ಎನ್ನಿ. ರಸ್ತೆಯ ಮೇಲೆ 3 ಮಿ.ಮೀ. ನೀರಿದೆ, ಕಾರಿನ ವೇಗ 90 ಕಿ.ಮೀ., ಅಂದರೆ ಸೆಕೆಂಡಿಗೆ 25 ಮೀಟರ್. ಆ ಒಂದು ಟೈರಿನ ದಾರಿಗೆ ಸೆಕೆಂಡಿಗೆ ಅಡ್ಡ ಬರುವ ನೀರು ಸುಮಾರು 11 ಲೀಟರ್. ರಬ್ಬರಿನ ಯಾವುದೇ ಒಂದು ಬಿಂದು ನೆಲದ ಮೇಲಿರುವುದು ಸೆಕೆಂಡಿನ ಇನ್ನೂರೈವತ್ತರಲ್ಲಿ ಒಂದು ಪಾಲು ಮಾತ್ರ. ನೀರು ತೊಲಗುವುದಿದ್ದರೆ ಅಷ್ಟರಲ್ಲೇ ತೊಲಗಬೇಕು.

ಈ ಟೈರಿಗೆ ಸುತ್ತಲೂ ಹರಿದ ನಾಲ್ಕು ನೇರ ಗ್ರೂವ್‌ಗಳಿವೆ, ಒಂದೊಂದೂ 1 ಸೆಂ.ಮೀ. ಅಗಲ ಎಂದುಕೊಳ್ಳಿ. ಹೊಸ ಟೈರಿನಲ್ಲಿ ಆಳ 8 ಮಿ.ಮೀ. ಇರುತ್ತದೆ. ಲೆಕ್ಕ ಹಾಕಿದರೆ 11 ಲೀಟರಿನಲ್ಲಿ 8 ಲೀಟರಿಗೆ ಗ್ರೂವ್‌ಗಳಲ್ಲೇ ಜಾಗ ಸಿಗುತ್ತದೆ. ಮಿಕ್ಕ 3 ಲೀಟರನ್ನಷ್ಟೇ ಮುಂದಕ್ಕೂ ಪಕ್ಕಕ್ಕೂ ಹಿಂಡಿ ಹಾಕಬೇಕು. ಈಗ ಅದೇ ಟೈರ್ ಸವೆದು ಕಾನೂನಿನ ಕನಿಷ್ಠ ಮಿತಿಯಾದ 1.6 ಮಿ.ಮೀ.ಗೆ ಬಂದಿದೆ. ಗ್ರೂವ್‌ಗಳಿಗೆ ಹಿಡಿಸುವುದು ಒಂದೂವರೆ ಲೀಟರ್. ಒಂಬತ್ತೂವರೆ ಲೀಟರಿಗೆ ದಾರಿಯಿಲ್ಲ. ಅದು ಟೈರನ್ನು ಎತ್ತುವ ಕೆಲಸಕ್ಕೆ ತೊಡಗುತ್ತದೆ. ಪೊಲೀಸರ ಕಣ್ಣಿನಲ್ಲಿ ಈ ಟೈರ್ ಸರಿಯಾಗಿಯೇ ಇದೆ. ಒಣ ರಸ್ತೆಯಲ್ಲಿ ಅದು ಚೆನ್ನಾಗಿ ಹಿಡಿಯುತ್ತದೆ ಕೂಡ, ಹಾಗಾಗಿಯೇ ಮಾಲೀಕನಿಗೆ ಬೇಸಿಗೆಯುದ್ದಕ್ಕೂ ಏನೂ ಗೊತ್ತಾಗುವುದಿಲ್ಲ.

ನೇರ ಗ್ರೂವ್‌ನಲ್ಲಿ ನೀರು ಹರಿದೋಡುತ್ತದೆ ಎಂದುಕೊಳ್ಳುವುದು ಸಹಜ. ನಿಜಕ್ಕೂ ಅಲ್ಲಿ ನೀರು ರಸ್ತೆಯ ಮೇಲೆ ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ, ಟೈರೇ ಅದರ ಮೇಲೆ ಹಾದುಹೋಗುತ್ತದೆ. ಪಕ್ಕಕ್ಕೆ ದೂಡುವ ಕೆಲಸ ಅಡ್ಡ ಗ್ರೂವ್‌ಗಳದ್ದು. ಕೆಲವು ಟೈರುಗಳಲ್ಲಿ ಇವು ನಡುವಿನಿಂದ ಅಂಚಿಗೆ ಓರೆಯಾಗಿ ಸಾಗುತ್ತವೆ. ಅಂಥ ಟೈರಿನ ಪಕ್ಕದಲ್ಲಿ ತಿರುಗಬೇಕಾದ ದಿಕ್ಕಿನ ಬಾಣದ ಗುರುತಿರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಅವಸರಕ್ಕೆ ತಿರುಗುಮುರುಗಾಗಿ ಹಾಕಿದರೆ ಅದು ನೀರನ್ನು ಹೊರಕ್ಕೆ ದೂಡುವ ಬದಲು ನಡುವಿಗೆ ಎಳೆಯುತ್ತದೆ. ರಬ್ಬರಿನ ಗಟ್ಟಿಗಳ ಮೇಲೆ ಕಾಣುವ ಕೂದಲೆಳೆಯಂಥ ಸೀಳುಗಳ ಪಾಲು ಬೇರೆ. ದೊಡ್ಡ ಗ್ರೂವ್‌ಗಳು ನೀರು ತೆಗೆದ ಮೇಲೂ ಉಳಿಯುವ ತೆಳು ಪೊರೆಯನ್ನು ಅವುಗಳ ಅಂಚು ಒಡೆಯುತ್ತದೆ. ಪೊರೆ ಒಡೆಯುವುದರಲ್ಲಿ ಡಾಂಬರಿನ ತರಿತರಿ ಮೈಗೂ ಪಾಲಿದೆ. ಸವೆದು ನುಣುಪಾದ ರಸ್ತೆಯಲ್ಲಿ ಅಷ್ಟು ವೇಗವಿಲ್ಲದೆಯೂ ಚಕ್ರ ಜಾರುವುದು ಈ ಪೊರೆಯಿಂದ.

ಹಾರ್ನ್ ಸೂತ್ರ ಸೋತದ್ದು ಲಾರಿಗಳ ವಿಷಯದಲ್ಲಿ. ಲಾರಿ ಟೈರಿನಲ್ಲಿ 100 ಪಿಎಸ್‌ಐ ಗಾಳಿಯಿದ್ದರೆ ಅದು 166 ಕಿ.ಮೀ. ವೇಗದವರೆಗೆ ತೇಲಬಾರದು. ಆದರೂ ಖಾಲಿ ಟ್ರಕ್ಕುಗಳು ಮಳೆಯಲ್ಲಿ ಸಾಮಾನ್ಯ ಹೆದ್ದಾರಿ ವೇಗದಲ್ಲೇ ಹಿಡಿತ ತಪ್ಪುತ್ತಿದ್ದವು. 1980ರ ದಶಕದಲ್ಲಿ ಹಾರ್ನ್ ತಾವೇ ಮತ್ತೆ ಕೂತು ಸೂತ್ರ ತಿದ್ದಿದರು. ಕಾರಣ ನೆಲದ ಮೇಲಿನ ಅಚ್ಚಿನ ಆಕಾರ. ಲೋಡ್ ಇದ್ದಾಗ ಲಾರಿ ಟೈರಿನ ಅಚ್ಚು ಉದ್ದವಾಗಿರುತ್ತದೆ. ಲೋಡ್ ಇಳಿಸಿದರೆ ಉದ್ದ ಕುಗ್ಗಿ ಅಗಲ ಹಾಗೇ ಉಳಿಯುತ್ತದೆ. ಅಗಲವಾದ ಗಿಡ್ಡ ಅಚ್ಚಿನಡಿಯಿಂದ ನೀರಿಗೆ ಪಕ್ಕಕ್ಕೆ ಹೋಗಲು ದೂರ ಅಷ್ಟೇ, ಸಮಯ ಮಾತ್ರ ಕಡಿಮೆ. ಕಾರಿಗೆ ಅಂದಕ್ಕೆಂದು ಅಗಲ ಟೈರ್ ಹಾಕಿಸುವವರಿಗೂ ಇದು ಅನ್ವಯಿಸುತ್ತದೆ.

ನೀರು ಎಲ್ಲ ಕಡೆ ಒಂದೇ ಆಳದಲ್ಲಿ ನಿಲ್ಲುವುದಿಲ್ಲ. ಭಾರದ ವಾಹನಗಳು ಓಡಾಡಿ ತಗ್ಗಾದ ಚಕ್ರದ ಜಾಡು ಒಂದು ಜಾಗ. ಕಡಿಮೆ ಜನ ಗಮನಿಸುವ ಇನ್ನೊಂದು ಜಾಗ ತಿರುವಿನ ಬಾಯಿ. ನೇರ ರಸ್ತೆ ಅಂಚಿನತ್ತ ಇಳಿಜಾರಾಗಿರುತ್ತದೆ, ತಿರುವಿನಲ್ಲಿ ಅದು ಒಳಬದಿಗೆ ಓರೆಯಾಗುತ್ತದೆ. ಒಂದು ಓರೆ ಇನ್ನೊಂದಾಗಿ ಬದಲಾಗುವ ನಡುವೆ ರಸ್ತೆಯ ಹೊರಮಗ್ಗುಲು ಸ್ವಲ್ಪ ದೂರ ಚಪ್ಪಟೆಯಾಗಿರುತ್ತದೆ. ನೀರು ಅಲ್ಲೇ ಉಳಿಯುತ್ತದೆ, ಚಾಲಕ ಸ್ಟೀರಿಂಗ್ ತಿರುಗಿಸಲು ತೊಡಗುವುದೂ ಅಲ್ಲೇ.

ಟೈರ್ ಏಳತೊಡಗಿದ್ದು ಮೊದಲು ಕೈಗೆ ತಿಳಿಯುತ್ತದೆ: ಸ್ಟೀರಿಂಗ್ ಹಗುರವಾಗಿ ಹೋಗುತ್ತದೆ. ಮುಂದಿನ ಚಕ್ರಗಳಿಂದ ಓಡುವ ಕಾರಾದರೆ, ಆಕ್ಸಿಲರೇಟರ್ ಹೆಚ್ಚು ಒತ್ತದೆಯೂ ಎಂಜಿನ್ ಸದ್ದು ಏರುತ್ತದೆ. ಆಗ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆಯೇ ಹೊರತು ಕಾರಲ್ಲ. ಎಬಿಎಸ್ ಚಕ್ರವನ್ನು ಬಿಟ್ಟರೂ ಅದನ್ನು ಮತ್ತೆ ತಿರುಗಿಸಲು ನೆಲದ ಹಿಡಿತವೇ ಇರುವುದಿಲ್ಲ. ನಿಂತ ಚಕ್ರ ಮತ್ತೆ ನೆಲ ಹಿಡಿಯುವುದೂ ತಡ. ಹಾರ್ನ್ ಅಳತೆಯ ಪ್ರಕಾರ, ತಿರುಗುತ್ತಿದ್ದ ಟೈರ್ ತೇಲುವ ವೇಗಕ್ಕಿಂತ ತಿರುಗದ ಟೈರ್ ತೇಲುವ ವೇಗ ಸುಮಾರು ನೂರಕ್ಕೆ ಹದಿನೈದರಷ್ಟು ಕಡಿಮೆ. ಆದ್ದರಿಂದ ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆದು, ಸ್ಟೀರಿಂಗನ್ನು ನೇರ ಹಿಡಿದು ವೇಗ ತಾನಾಗಿ ಇಳಿಯಲು ಬಿಡಬೇಕು. ತಿರುಗಿಸಿ ಹಿಡಿದಿದ್ದರೆ ಟೈರ್ ನೆಲ ಮುಟ್ಟಿದ ಕ್ಷಣ ಕಾರು ಆ ದಿಕ್ಕಿಗೆ ಜಿಗಿಯುತ್ತದೆ.

ಎರಡೇ ಹೊಸ ಟೈರ್ ಕೊಳ್ಳುವವರು ಅವನ್ನು ಮುಂದೆ ಹಾಕಿಸುವುದು ರೂಢಿ. ಟೈರ್ ಕಂಪನಿಗಳ ಸಲಹೆ ಇದಕ್ಕೆ ತದ್ವಿರುದ್ಧ. ನೇರ ದಾರಿಯಲ್ಲಿ ಮುಂದಿನ ಟೈರ್ ನೀರು ಗುಡಿಸಿಕೊಟ್ಟ ಜಾಡಿನಲ್ಲೇ ಹಿಂದಿನದು ಬರುತ್ತದೆ, ತಿರುವಿನಲ್ಲಿ ಆ ಅನುಕೂಲ ಇರುವುದಿಲ್ಲ. ಮುಂದಿನ ಚಕ್ರಗಳು ಎದ್ದರೆ ಕಾರು ನೆಟ್ಟಗೆ ಜಾರುತ್ತದೆ, ವೇಗ ಇಳಿದರೆ ಕೈಗೆ ಬರುತ್ತದೆ. ಹಿಂದಿನವು ಎದ್ದರೆ ಗಾಡಿ ಅಲ್ಲೇ ಗಿರ್ರನೆ ತಿರುಗುತ್ತದೆ, ಅದನ್ನು ಸಂಭಾಳಿಸುವುದು ನುರಿತ ಚಾಲಕನಿಗೂ ಕಷ್ಟ.